ಇಬ್ಬರಿಗೂ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು

ಬೇರೆ ಬೇರೆ ಮಾತೃಭಾಷೆಯ ಗಂಡ ಹೆಂಡತಿಯ ನಡುವೆ ಮುನಿಸು ಬಂತೆಂದರೆ ಬಂಧುಬಳಗದವರು ಮೊದಲು ಹೇಳುವುದು, ‘ಭಾಷೆ ಬರಲ್ಲವಲ್ಲ, ಪಾಪ, ಹೊಂದಿಕೊಳ್ಳೋದು ಕಷ್ಟ’ ಎಂದೇ. ವಾಸ್ತವ ಹಲವು ಸಲ ಇದಕ್ಕೆ ಉಲ್ಟಾ. ಒಬ್ಬರ ಭಾಷೆ ಒಬ್ಬರಿಗೆ ಅರೆಬರೆ ಬರುವಾಗ ಇಬ್ಬರೂ ಎಚ್ಚರದಿಂದ ಇರುತ್ತಾರೆ. ಗೊತ್ತಿಲ್ಲದ ಮಾತು ಬಂದರೆ ‘ಹಾಗಂದ್ರೆ ಏನು?’ ಎಂದು ಕೇಳುತ್ತಾರೆ, ತಪ್ಪು ಪದ ಬಂದರೆ ನಗುತ್ತಾರೆ, ಬೇಸರವಾದರೂ ‘ಗೊತ್ತಾಗದೆ ಅಂದಿರಬೇಕು, ಬಿಡು’ ಎಂದು ಸುಮ್ಮನಾಗುತ್ತಾರೆ. ಸದ್ದಿಲ್ಲದೆ ಅಂತರ ಬೆಳೆಯುವುದು, ಇಬ್ಬರಿಗೂ ಚೆನ್ನಾಗಿ ಬರುವ ಮೂರನೆಯ ಭಾಷೆಯೊಂದರಲ್ಲಿ ಸಂಸಾರ ನಡೆಯುವ ಮನೆಗಳಲ್ಲಿ. ಅಲ್ಲಿ ಪ್ರತಿ ಪದವೂ ಅರ್ಥವಾಗಿರುತ್ತದೆ. ಹಾಗಾಗಿ ಮಾತು ನೋಯಿಸಿದಾಗ, ಬೇಕೆಂದೇ ನೋಯಿಸಿದರು ಅನ್ನಿಸುತ್ತದೆ.

ಇಂಥ ಮನೆಗಳು ಬೆಂಗಳೂರಿನಲ್ಲಿ ಈಗ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಸಿಗುತ್ತವೆ. ಒಂದೇ ಕಂಪನಿಯಲ್ಲಿ ಕೆಲಸ, ಕ್ಯಾಂಟೀನಿನಲ್ಲಿ ಪರಿಚಯ, ಎರಡು ಮೂರು ವರ್ಷದ ಸ್ನೇಹ, ಆಮೇಲೆ ಎರಡೂ ಮನೆಯವರನ್ನು ಒಪ್ಪಿಸಿ ಮದುವೆ. ಪರಿಚಯವಾದದ್ದು ಇಂಗ್ಲಿಷಿನಲ್ಲಿ, ಪ್ರೀತಿ ಹೇಳಿಕೊಂಡದ್ದು ಇಂಗ್ಲಿಷಿನಲ್ಲಿ, ಹಾಗಾಗಿ ಅಡುಗೆಮನೆಯ ಮಾತೂ ಇಂಗ್ಲಿಷೇ ಆಗುತ್ತದೆ. ಇಂಗ್ಲಿಷ್ ಮತ್ತು ಜರ್ಮನ್ ಭಾಷೆಯ ದಂಪತಿಗಳ ಮಾತುಕತೆಯನ್ನು ಅಧ್ಯಯನ ಮಾಡಿ 2002ರಲ್ಲಿ ಪುಸ್ತಕ ಬರೆದ ಭಾಷಾವಿಜ್ಞಾನಿ ಇಂಗ್ರಿಡ್ ಪಿಲ್ಲರ್ ಕೂಡ ಇದನ್ನೇ ಗುರುತಿಸಿದ್ದಾರೆ. ಮೊದಲು ಯಾವ ಭಾಷೆಯಲ್ಲಿ ಪರಿಚಯವಾಯಿತೋ ಅದೇ ಅಭ್ಯಾಸವಾಗಿ ಉಳಿಯುತ್ತದೆ, ಆಮೇಲೆ ಬದಲಾಯಿಸಹೊರಟರೆ ಎದುರಿಗಿರುವವರೇ ಬೇರೆ ಯಾರೋ ಆದಂತೆ ಅನ್ನಿಸುತ್ತದೆ.

ಭಾಷೆ ಚೆನ್ನಾಗಿ ಬರುವುದೇ ಹೇಗೆ ತೊಂದರೆಯಾಗುತ್ತದೆ ಎಂಬುದನ್ನು ಬ್ರಿಟನ್ನಿನ ಜೆನ್ನಿ ಥಾಮಸ್ 1983ರ ಒಂದು ಲೇಖನದಲ್ಲಿ ಬಿಡಿಸಿ ಹೇಳಿದರು. ವ್ಯಾಕರಣ ತಪ್ಪಿದರೆ ಕೇಳುವವರಿಗೆ ಅದು ತಪ್ಪು ಎಂದು ತಕ್ಷಣ ತಿಳಿಯುತ್ತದೆ. ಭಾಷೆ ಇನ್ನೂ ಪೂರ್ತಿ ಬಂದಿಲ್ಲ ಎಂದುಕೊಳ್ಳುತ್ತಾರೆ. ಆದರೆ ವ್ಯಾಕರಣವೆಲ್ಲ ಸರಿಯಿದ್ದು, ಆ ಸಂದರ್ಭಕ್ಕೆ ಹೊಂದದ ರೀತಿಯಲ್ಲಿ ಮಾತಾಡಿದರೆ ಅದು ಭಾಷೆಯ ತಪ್ಪಾಗಿ ಕಾಣುವುದಿಲ್ಲ. ಒರಟುತನವಾಗಿ, ಕೊಬ್ಬಾಗಿ, ಅಸಡ್ಡೆಯಾಗಿ ಕಾಣುತ್ತದೆ. ಇಡೀ ವಿಷಯದ ತಿರುಳು ಇಲ್ಲಿದೆ. ಮಾತಿನ ರೀತಿಯಲ್ಲಿ ಆದ ವ್ಯತ್ಯಾಸದ ಹೊಣೆ ಮನುಷ್ಯನ ಗುಣದ ಮೇಲೆ ಬೀಳುತ್ತದೆ.

ಇದಕ್ಕೆ ಹೆಸರಾದ ಒಂದು ಪ್ರಸಂಗವನ್ನು ಅಮೆರಿಕದ ಜಾನ್ ಗಂಪರ್ಜ್ ದಾಖಲಿಸಿದ್ದಾರೆ. ಭಾರತದ ಹಳ್ಳಿಗಳಲ್ಲೂ ಭಾಷೆಯ ಅಧ್ಯಯನ ಮಾಡಿದ್ದ ವಿದ್ವಾಂಸರು ಅವರು. ಬ್ರಿಟನ್ನಿನ ಒಂದು ದೊಡ್ಡ ವಿಮಾನ ನಿಲ್ದಾಣದ ಸಿಬ್ಬಂದಿ ಕ್ಯಾಂಟೀನಿನಲ್ಲಿ ಊಟ ಬಡಿಸುವ ಕೆಲಸಕ್ಕೆ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಹೊಸದಾಗಿ ಸೇರಿದ್ದರು. ಸ್ವಲ್ಪ ದಿನಕ್ಕೇ, ಅವರು ಸಿಡುಕಿನವರು, ಸಹಕರಿಸುವುದಿಲ್ಲ ಎಂಬ ದೂರು ಬಂತು. ಗಂಪರ್ಜ್ ಗಮನಿಸಿ ನೋಡಿದರೆ, ಆ ಹೆಂಗಸರು ಆಡುತ್ತಿದ್ದ ಮಾತೇ ಅತ್ಯಲ್ಪ. ಮಾಂಸ ತೆಗೆದುಕೊಂಡವರಿಗೆ ಗ್ರೇವಿ ಬೇಕೇ ಎಂದು ಕೇಳಬೇಕಿತ್ತು. ಬ್ರಿಟಿಷ್ ಕೆಲಸಗಾರ್ತಿ ‘ಗ್ರೇವಿ?’ ಎಂದು ದನಿ ಏರಿಸಿ ಕೇಳಿದರೆ, ಇವರು ‘ಗ್ರೇವಿ’ ಎಂದು ದನಿ ಇಳಿಸಿ ಹೇಳುತ್ತಿದ್ದರು. ಇವರ ಕಿವಿಗೆ ಅದು ವಿನಯದ ಪ್ರಶ್ನೆ. ಕೇಳಿಸಿಕೊಂಡವರಿಗೆ, ‘ಇದು ಗ್ರೇವಿ, ಬೇಕಾದರೆ ತಗೋ’ ಎಂಬಂಥ ಗಡಸು ಮಾತು. ಎರಡೂ ಬಗೆಯನ್ನು ಟೇಪಿನಲ್ಲಿ ಕೇಳಿಸಿದಾಗ, ತಮ್ಮನ್ನು ಕಂಡರೆ ಜನ ಯಾಕೆ ಮುಖ ಸಿಂಡರಿಸುತ್ತಾರೆ ಎಂಬುದು ಆ ಹೆಂಗಸರಿಗೆ ಹೊಳೆಯಿತು. ಅಲ್ಲಿಯವರೆಗೆ ಅವರು ಅದನ್ನು ಬಣ್ಣದ ದ್ವೇಷ ಎಂದುಕೊಂಡಿದ್ದರು. ಎಷ್ಟೋ ಕಡೆ ಅಂಥ ದ್ವೇಷ ನಿಜಕ್ಕೂ ಇತ್ತು ಎಂಬುದನ್ನೂ ಮರೆಯಬಾರದು.

ಗಮನಿಸಬೇಕಾದದ್ದು, ಅಲ್ಲಿದ್ದದ್ದು ಒಂದೇ ಒಂದು ಪದ, ಅದೂ ಎರಡೂ ಕಡೆಯವರಿಗೆ ಗೊತ್ತಿದ್ದ ಪದ. ಎಡವಿದ್ದು ದನಿ. ದನಿಯ ಏರಿಳಿತ, ಎರಡು ಮಾತಿನ ನಡುವಿನ ಬಿಡುವು, ಯಾವುದನ್ನು ನೇರ ಹೇಳಬೇಕು, ಯಾವುದನ್ನು ಸೂಚಿಸಿ ಬಿಡಬೇಕು ಎಂಬ ರೂಢಿ, ಇವನ್ನೆಲ್ಲ ನಾವು ಕಲಿತದ್ದು ಶಾಲೆಯಲ್ಲಲ್ಲ, ಮನೆಯಲ್ಲಿ. ಕಲಿತದ್ದು ನೆನಪೇ ಇಲ್ಲದಷ್ಟು ಚಿಕ್ಕವರಿದ್ದಾಗ. ಆದ್ದರಿಂದಲೇ ಅದು ರೂಢಿ ಅನ್ನಿಸದೆ, ಸಹಜ ಸಭ್ಯತೆ ಅನ್ನಿಸುತ್ತದೆ. ಕನ್ನಡದೊಳಗೇ ಇದರ ರುಚಿ ನಮಗೆ ಗೊತ್ತಿದೆ. ಮೈಸೂರಿನ ಹುಡುಗಿ ಹುಬ್ಬಳ್ಳಿಗೆ ಸೊಸೆಯಾಗಿ ಹೋದರೆ, ಮೊದಲ ತಿಂಗಳೆಲ್ಲ ಮಾವ ಬೈಯುತ್ತಿದ್ದಾರೆ ಅನ್ನಿಸುತ್ತದೆ. ಅವರಿಗೋ, ಸೊಸೆ ಯಾವ ಮಾತನ್ನೂ ಬಾಯಿಬಿಟ್ಟು ಹೇಳದ ಒಳಗುಟ್ಟಿನವಳು ಎಂಬ ಅನುಮಾನ. ಇಬ್ಬರದೂ ಕನ್ನಡವೇ.

ಈಗ ಒಂದು ಮನೆಯ ನಾಲ್ಕು ದಿನ ನೋಡೋಣ. ಇದು ಯಾವುದೋ ಒಂದು ಜೋಡಿಯ ಕಥೆಯಲ್ಲ; ಇಂಥ ಹಲವು ಮನೆಗಳಲ್ಲಿ ನಡೆಯುವುದನ್ನು ಒಂದು ಮನೆಗೆ ಸೇರಿಸಿ ಹೇಳುತ್ತಿದ್ದೇನೆ. ಅವಳು ಸಾಗರದ ಕಡೆಯ ಅಡಿಕೆ ತೋಟದ ಮನೆಯವಳು. ಅವನು ದೆಹಲಿಯ ಪಂಜಾಬಿ ಮನೆಯವನು. ಮದುವೆಯಾಗಿ ಮೂರು ವರ್ಷ.

ಗುರುವಾರ ರಾತ್ರಿ ಊಟ ಮಾಡುವಾಗ ಅವಳು ಹೇಳಿದಳು, ‘ಅಕ್ಕ ಫೋನ್ ಮಾಡಿದ್ದಳು. ಅಪ್ಪನಿಗೆ ಮಂಡಿ ನೋವು ಜೋರಾಗಿದೆಯಂತೆ, ತೋಟಕ್ಕೂ ಇಳೀತಿಲ್ಲವಂತೆ.’ ಇಂಗ್ಲಿಷಿನಲ್ಲೇ ಹೇಳಿದಳು, ಅವನು ಪೂರ್ತಿ ಗಮನ ಕೊಟ್ಟೇ ಕೇಳಿದ. ತನ್ನ ಸಹೋದ್ಯೋಗಿಯ ತಾಯಿಗೆ ಮಂಡಿ ಆಪರೇಷನ್ ಮಾಡಿದ ಡಾಕ್ಟರ ನಂಬರನ್ನು ಅಲ್ಲೇ ತರಿಸಿಕೊಂಡು ಅವಳ ಮೊಬೈಲಿಗೆ ಕಳಿಸಿದ. ಅವಳು ‘ಓಕೆ’ ಎಂದಳು. ಅವನ ಲೆಕ್ಕದಲ್ಲಿ ಕಷ್ಟ ಹೇಳಿಕೊಂಡಳು, ಕೈಲಾದ ಸಹಾಯ ಆಯಿತು, ವಿಷಯ ಮುಗಿಯಿತು. ಅವಳ ಲೆಕ್ಕದಲ್ಲಿ ವಿಷಯ ಶುರುವೇ ಆಗಿರಲಿಲ್ಲ. ‘ಶನಿವಾರ ಹೋಗಿ ನೋಡಿಕೊಂಡು ಬರೋಣ’ ಎಂಬ ಮಾತು ಅವನ ಬಾಯಿಂದ ಬರಬೇಕಿತ್ತು. ಬಾಯಿಬಿಟ್ಟು ಕೇಳುವುದು ಅವಳಿಂದಾಗದು. ಅವಳ ಮನೆಯಲ್ಲಿ ಹೇಳಿಸಿಕೊಂಡು ಮಾಡಿದ ಕೆಲಸಕ್ಕೆ ಬೆಲೆ ಕಡಿಮೆ. ಅಮ್ಮ ‘ಕಟ್ಟಿಗೆ ಮುಗೀತಾ ಬಂತು’ ಅಂದರೆ ಅಪ್ಪ ಮರುದಿನ ಬೆಳಿಗ್ಗೆ ಕಟ್ಟಿಗೆ ತರಿಸುತ್ತಿದ್ದರು. ‘ತನ್ನಿ’ ಎಂದು ಅಮ್ಮ ಅಂದದ್ದೇ ಇಲ್ಲ. ಹೇಳದೆಯೇ ತಿಳಿದುಕೊಂಡರೆ ಅದು ಪ್ರೀತಿ ಎಂದು ನೋಡಿ ಬೆಳೆದವಳು.

ಶುಕ್ರವಾರ ಅವನು ಕೇಳಿದ, ‘ನಾಳೆ ಫ್ರೆಂಡ್ಸ್ ಎಲ್ಲ ಸಿನಿಮಾಕ್ಕೆ ಹೋಗ್ತಿದ್ದೀವಿ, ಬರ್ತೀಯಾ?’ ಅವಳು, ‘ನೀನು ಹೋಗು’ ಎಂದಳು. ಕನ್ನಡದ ಕಿವಿಗೆ ಆ ಮಾತಿನ ಭಾರ ಗೊತ್ತಾಗುತ್ತದೆ. ಅದು ಅನುಮತಿಯಲ್ಲ. ಅವನಿಗೆ ಕೇಳಿಸಿದ್ದು ‘ಯೂ ಗೋ’ ಎಂಬ ಎರಡು ಸರಳ ಪದ. ಹೆಂಡತಿಗೆ ತನ್ನ ಸ್ನೇಹಿತರ ಬಗ್ಗೆ ತಕರಾರಿಲ್ಲ ಎಂದು ಖುಷಿಯಾಗಿಯೇ ಹೋದ.

ಶನಿವಾರ ರಾತ್ರಿ ಅವನು ಬಂದಾಗ ಅವಳು ಮಾತಾಡಲಿಲ್ಲ. ‘ಏನಾಯ್ತು?’ ಎಂದ. ‘ಏನಿಲ್ಲ.’ ಮತ್ತೆ ಕೇಳಿದ, ಮತ್ತೆ ಏನಿಲ್ಲ. ನಾಲ್ಕನೇ ಸಲಕ್ಕೆ ಅವನ ದನಿ ಏರಿತು: ‘ಹೇಳದೆ ಹೇಗೆ ಗೊತ್ತಾಗಬೇಕು? ಹೇಳು ಈಗ!’ ಅವನ ಮನೆಯಲ್ಲಿ ದನಿ ಏರಿಸುವುದು ದೊಡ್ಡ ಸಂಗತಿಯಲ್ಲ. ಅಣ್ಣ, ಅತ್ತಿಗೆ, ಅಮ್ಮ ಎಲ್ಲರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರೆ, ಹತ್ತು ನಿಮಿಷ ಕೂಗಾಡುತ್ತಾರೆ, ಆಮೇಲೆ ಚಹಾ ಕುಡಿಯುತ್ತಾರೆ. ಅಲ್ಲಿ ದನಿ ಏರಿಸಿದರೆ, ‘ನಿನ್ನ ವಿಷಯ ನನಗೆ ಮುಖ್ಯ’ ಎಂದು ಅರ್ಥ. ಅವಳ ಮನೆಯಲ್ಲಿ ದನಿ ಏರುವುದು ಎಲ್ಲ ಮುಗಿದ ಮೇಲೆ. ಅವಳ ನೆನಪಿನಲ್ಲಿ ಅಪ್ಪ ಹಾಗೆ ಕೂಗಿದ್ದು ಪಾಲು ಪಟ್ಟಿಯ ಜಗಳದಲ್ಲಿ ಮಾತ್ರ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಾತು ಕೆಡದಿರಲಿ ಎಂದು ದೂರ ಸರಿಯುವುದು ಅವಳಿಗೆ ಮರ್ಯಾದೆ. ಜಗಳದ ಮಧ್ಯೆ ಎದ್ದು ಹೋಗುವುದು ಅವನಿಗೆ ಅವಮಾನ, ಸಂಬಂಧವನ್ನೇ ತಳ್ಳಿದ ಹಾಗೆ. ಬಾಗಿಲ ಹೊರಗೆ ನಿಂತು ಇನ್ನೂ ಜೋರಾಗಿ ಮಾತಾಡಿದ. ಅವಳು ದೀಪ ಆರಿಸಿದಳು.

ಭಾನುವಾರ ಬೆಳಿಗ್ಗೆ ಅವಳು ಅಕ್ಕನಿಗೆ ಫೋನ್ ಮಾಡಿ, ‘ನಮ್ಮನೆಯವ್ರು ಅಂದ್ರೆ ಅವನಿಗೆ ಲೆಕ್ಕಕ್ಕೇ ಇಲ್ಲ ಅಕ್ಕಾ’ ಎಂದಳು. ಅವನು ದೆಹಲಿಗೆ ಫೋನ್ ಮಾಡಿ, ಅವಳಿಗೆ ಬಹಳ ಬಿಗುಮಾನ, ಏನು ಕೇಳಿದರೂ ಬಾಯಿ ಬಿಡುವುದಿಲ್ಲ ಎಂದು ಅಣ್ಣನ ಹತ್ತಿರ ಹೇಳಿಕೊಂಡ.

ಈ ನಾಲ್ಕು ದಿನದಲ್ಲಿ ಒಂದು ಪದವೂ ತಪ್ಪಾಗಿ ಅರ್ಥವಾಗಲಿಲ್ಲ. ಯಾರೂ ಕೆಟ್ಟ ಮಾತಾಡಲಿಲ್ಲ. ಡಾಕ್ಟರ ನಂಬರ್ ಕಳಿಸಿದ್ದು ಕಾಳಜಿಯಿಂದಲೇ, ಬಾಗಿಲು ಹಾಕಿಕೊಂಡದ್ದು ಮಾತು ಮಿತಿ ಮೀರಬಾರದೆಂಬ ಎಚ್ಚರದಿಂದಲೇ. ಆದರೂ ಕೊನೆಗೆ ಉಳಿದದ್ದು ಎರಡು ತೀರ್ಪು: ಅವನು ಅಸಡ್ಡೆಯವನು, ಅವಳು ಬಿಗುಮಾನದವಳು. ಒಂದು ಸಲ ಬಂದ ತೀರ್ಪು ಮುಂದಿನ ಪ್ರತಿ ಘಟನೆಗೂ ಸಾಕ್ಷಿ ಹುಡುಕತೊಡಗುತ್ತದೆ. ಮುಂದಿನ ವಾರ ಅವನು ಹಾಲು ತರಲು ಮರೆತರೆ ಅದು ಮರೆವಲ್ಲ, ಅಸಡ್ಡೆ. ಅವಳು ಸುಸ್ತಾಗಿ ಬೇಗ ಮಲಗಿದರೆ ಅದು ಸುಸ್ತಲ್ಲ, ಬಿಗುಮಾನ.

ಇದಕ್ಕೆ ಇಂಗ್ಲಿಷೂ ಒಂದಿಷ್ಟು ಕಾರಣ. ಇಬ್ಬರೂ ಕಲಿತದ್ದು ಕಾಲೇಜಿನ, ಆಫೀಸಿನ ಇಂಗ್ಲಿಷ್. ಮೀಟಿಂಗಿನಲ್ಲಿ ವಾದಿಸಲು, ಮೇಲ್ ಬರೆಯಲು, ಕೆಲಸ ಹಂಚಲು ಅದು ಒಳ್ಳೆಯ ಭಾಷೆ. ಮುದ್ದು ಮಾಡಲು, ರಮಿಸಲು, ಅರ್ಧ ಸಿಟ್ಟು ಅರ್ಧ ನಗುವಿನಲ್ಲಿ ಬೈಯಲು, ಜಗಳದ ನಂತರ ಮತ್ತೆ ಮಾತು ಶುರು ಮಾಡಲು ಬೇಕಾದ ಇಂಗ್ಲಿಷನ್ನು ಅವರು ಯಾರ ಬಾಯಿಂದಲೂ ಕೇಳಿ ಬೆಳೆದಿಲ್ಲ. ಕನ್ನಡದಲ್ಲಿ ಮೃದುತ್ವವೆಲ್ಲ ಇರುವುದು ಕ್ರಿಯಾಪದದ ಬಾಲದಲ್ಲಿ, ಸಣ್ಣಪುಟ್ಟ ಸೇರಿಕೆಗಳಲ್ಲಿ. ‘ಸ್ವಲ್ಪ ಬಾ ಇಲ್ಲಿ’, ‘ಕೊಡ್ತೀಯಾ’, ‘ಬಾರೋ ಮಾರಾಯ’, ‘ಹೌದಲ್ವಾ’. ಹಿಂದಿಯಲ್ಲಿ ‘ಜರಾ’, ‘ನಾ’ ಅದೇ ಕೆಲಸ ಮಾಡುತ್ತವೆ. ಇಂಗ್ಲಿಷಿಗೆ ಬರುವಾಗ ಇವೆಲ್ಲ ಕಳಚಿ ಬೀಳುತ್ತವೆ, ಬರೀ ಆಜ್ಞೆ ಉಳಿಯುತ್ತದೆ. ‘ಯಾಕೆ ಲೇಟಾಯ್ತು?’ ಎಂದು ನಾವು ಎಷ್ಟು ಮೆತ್ತಗೆ ಕೇಳಬಲ್ಲೆವು! ಅದೇ ‘ವೈ ಆರ್ ಯೂ ಲೇಟ್?’ ಆದಾಗ ಮ್ಯಾನೇಜರ್ ಕೇಳಿದ ಹಾಗಾಗುತ್ತದೆ. ಹೊರದೇಶದಲ್ಲಿ ಅಲ್ಲಿಯವರನ್ನೇ ಮದುವೆಯಾದ ಕನ್ನಡಿಗರ ಮನೆಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ನಮ್ಮ ಮನೆಗಳಲ್ಲಿ ಹೆಂಡತಿ ಕಾಫಿ ಕೊಟ್ಟಾಗ ‘ಥ್ಯಾಂಕ್ಸ್’ ಅನ್ನುವುದು ಅವಳನ್ನು ಹೊರಗಿನವಳಾಗಿ ಕಂಡಂತೆ. ಅಮೆರಿಕದಲ್ಲಿ ಬೆಳೆದ ಹೆಂಡತಿಗೆ ಆ ಒಂದು ಮಾತು ದಿನವೂ ಬರದೇ ಹೋದರೆ, ತನ್ನ ಕೆಲಸವನ್ನು ಯಾರೂ ಗಮನಿಸುತ್ತಿಲ್ಲ ಎಂಬ ಭಾವನೆ ಬೆಳೆಯುತ್ತದೆ.

ಸೂಚಿಸಿ ಹೇಳುವುದು, ನೇರ ಹೇಳುವುದು, ಈ ವ್ಯತ್ಯಾಸವನ್ನು ದಂಪತಿಗಳ ಮಾತಿನಲ್ಲೇ ಹಿಡಿದು ತೋರಿಸಿದವರು ಅಮೆರಿಕದ ಡೆಬೊರಾ ಟ್ಯಾನನ್. 1981ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಕೇಂದ್ರದಲ್ಲಿ ಒಂದು ಸಣ್ಣ ಸಂಭಾಷಣೆಯಿದೆ. ಹೆಂಡತಿ ಅಮೆರಿಕದವಳು, ಗಂಡ ಗ್ರೀಸಿನವನು. ಗೆಳೆಯನ ಮನೆಯ ಪಾರ್ಟಿಗೆ ಹೋಗೋಣವೇ ಎಂದು ಹೆಂಡತಿ ಕೇಳುತ್ತಾಳೆ, ಗಂಡ ಸರಿ ಎನ್ನುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಅವಳು, ನಿನಗೆ ನಿಜಕ್ಕೂ ಹೋಗಬೇಕು ಅನ್ನಿಸಿದೆಯೇ ಎಂದು ಇನ್ನೊಮ್ಮೆ ಕೇಳುತ್ತಾಳೆ. ಹಾಗಾದರೆ ಬೇಡ ಬಿಡು, ನನಗೂ ಸುಸ್ತಾಗಿದೆ ಎನ್ನುತ್ತಾನೆ ಅವನು. ಇಬ್ಬರೂ ಹೋಗಲಿಲ್ಲ. ಅವಳ ಮಟ್ಟಿಗೆ ಅವನಿಗೇ ಹೋಗಲು ಇಷ್ಟವಿರಲಿಲ್ಲ. ಅವನ ಪ್ರಕಾರ, ಅವಳು ಪಾರ್ಟಿಯ ಮಾತೆತ್ತಿದ್ದೇ ಅವಳಿಗೆ ಆಸೆಯಿದೆ ಎಂಬುದರ ಸೂಚನೆ, ಆದ್ದರಿಂದ ಒಪ್ಪಿದ. ಎರಡನೇ ಸಲ ಕೇಳಿದ್ದು ಅವಳಿಗೆ ಮನಸ್ಸು ಬದಲಾಗಿದೆ ಎಂಬುದರ ಸೂಚನೆ, ಆದ್ದರಿಂದ ಬಿಟ್ಟ. ಸುಸ್ತಿನ ನೆಪ ಹೇಳಿದ್ದು, ಬೇಡವೆಂದ ಭಾರ ಅವಳ ಮೇಲೆ ಬೀಳದಿರಲಿ ಎಂದು. ಇಬ್ಬರೂ ಇನ್ನೊಬ್ಬರ ಇಷ್ಟವನ್ನೇ ನಡೆಸಿಕೊಟ್ಟೆವು ಎಂದುಕೊಂಡರು.

ಟ್ಯಾನನ್ ಈ ಸಂಭಾಷಣೆಯನ್ನು ಗ್ರೀಕರಿಗೆ, ಅಮೆರಿಕನ್ನರಿಗೆ, ಅಮೆರಿಕದಲ್ಲಿ ಹುಟ್ಟಿ ಬೆಳೆದ ಗ್ರೀಕ್ ಮೂಲದವರಿಗೆ ತೋರಿಸಿ, ಗಂಡನ ಮಾತಿನ ಅರ್ಥವೇನು ಎಂದು ಕೇಳಿದರು. ಸೂಚನೆಯ ಅರ್ಥವನ್ನು ಆರಿಸಿದವರು ಗ್ರೀಕರಲ್ಲಿ ಹೆಚ್ಚು. ಮೂರನೆಯ ಗುಂಪಿನ ಉತ್ತರವೂ ಗ್ರೀಕರಿಗೇ ಹತ್ತಿರವಿತ್ತು. ಭಾಷೆ ಬದಲಾಗಿ ಇಂಗ್ಲಿಷಾದ ಮೇಲೂ, ಅಜ್ಜ ಅಜ್ಜಿಯಿಂದ ಬಂದ ಮಾತಿನ ರೀತಿ ಉಳಿದಿತ್ತು. ಹಾಗೆಂದು ಗ್ರೀಕರೆಲ್ಲ ಒಂದು ಕಡೆ, ಅಮೆರಿಕನ್ನರೆಲ್ಲ ಇನ್ನೊಂದು ಕಡೆ ಇರಲಿಲ್ಲ. ಗ್ರೀಕರಲ್ಲೂ ಸೂಚನೆ ಎಂದವರು ಅರ್ಧಕ್ಕಿಂತ ಕಡಿಮೆ. ಅಮೆರಿಕನ್ನರಲ್ಲೂ ಹಲವರು ಹಾಗೇ ಅರ್ಥ ಮಾಡಿಕೊಂಡಿದ್ದರು. ಈ ಭಾಗ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ‘ಪಂಜಾಬಿಗಳು ಹೀಗೆ, ಮಲೆನಾಡಿನವರು ಹಾಗೆ’ ಎಂಬ ಪಟ್ಟಿ ಮಾಡಿಕೊಂಡರೆ ಒಂದು ತಪ್ಪು ತೀರ್ಪಿನ ಜಾಗಕ್ಕೆ ಇನ್ನೊಂದು ತಪ್ಪು ತೀರ್ಪು ಬರುತ್ತದೆ, ಅಷ್ಟೆ. ತಿಳಿಯಬೇಕಾದದ್ದು ನಮ್ಮ ಮನೆಗೆ ಬಂದ ಈ ಒಬ್ಬ ವ್ಯಕ್ತಿ ಬೆಳೆದ ಮನೆಯ ರೂಢಿ.

ಒಂದು ಸಲದ ತಪ್ಪು ತಿಳಿವಳಿಕೆ ದೊಡ್ಡದಲ್ಲ. ಅದು ತಾನಾಗಿ ಯಾಕೆ ಕಡಿಮೆಯಾಗುವುದಿಲ್ಲ, ಯಾಕೆ ಬೆಳೆಯುತ್ತದೆ? ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ನ್ಯೂ ಗಿನಿಯ ಯಾತ್ಮುಲ್ ಜನರ ನಡುವೆ ಕೆಲಸ ಮಾಡಿ 1930ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟರು. ಎರಡು ಕಡೆಯವರ ರೀತಿ ಬೇರೆಯಾಗಿದ್ದು, ಒಬ್ಬರ ನಡೆ ಇನ್ನೊಬ್ಬರ ವಿರುದ್ಧ ನಡೆಯನ್ನು ಎಬ್ಬಿಸುವಂತಿದ್ದರೆ, ಎದುರುಬದುರಾದಂತೆಲ್ಲ ವ್ಯತ್ಯಾಸ ಸವೆಯುವ ಬದಲು ಹಿಗ್ಗುತ್ತಾ ಹೋಗುತ್ತದೆ. ಟ್ಯಾನನ್ ಇದನ್ನು ಮನೆಯ ಮಾತಿಗೆ ಅನ್ವಯಿಸಿದರು. ನಮ್ಮ ಸಾಗರ–ದೆಹಲಿ ಮನೆಯಲ್ಲಿ ಅದು ಹೀಗೆ ನಡೆಯುತ್ತದೆ. ಅವಳು ಸುಮ್ಮನಾದಷ್ಟೂ ಅವನಿಗೆ ಗಾಬರಿ, ಹೆಚ್ಚು ಕೇಳುತ್ತಾನೆ, ಜೋರಾಗಿ ಕೇಳುತ್ತಾನೆ. ಅವನು ಜೋರಾದಷ್ಟೂ ಅವಳು ಒಳಗೆ ಸರಿಯುತ್ತಾಳೆ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕಲಿತ ಮದ್ದನ್ನೇ ಹಾಕುತ್ತಿದ್ದಾರೆ, ಗುಣವಾಗದಿದ್ದಾಗ ಅದೇ ಮದ್ದನ್ನು ಇನ್ನಷ್ಟು ಹಾಕುತ್ತಿದ್ದಾರೆ. ಮೂರು ವರ್ಷದ ಹಿಂದೆ ಅವನು ಇಷ್ಟು ಕೂಗುವವನಾಗಿರಲಿಲ್ಲ, ಅವಳು ಇಷ್ಟು ಮೌನಿಯಾಗಿರಲಿಲ್ಲ. ಗೆಳೆಯರ ಮುಂದೆ ಇಬ್ಬರೂ ಈಗಲೂ ಹಾಗಿಲ್ಲ. ಇಬ್ಬರೇ ಇದ್ದಾಗ ಮಾತ್ರ ಒಬ್ಬರನ್ನೊಬ್ಬರು ಹಾಗೆ ಮಾಡುತ್ತಾರೆ.

ಇದು ಬಹಳ ಮುಂದೆ ಹೋಗಿದೆ ಎಂಬುದರ ಗುರುತು ಜಗಳದಲ್ಲಿ ಸಿಗುವುದಿಲ್ಲ. ಸಣ್ಣ ಸುದ್ದಿಗಳು ಎಲ್ಲಿ ಹೋಗುತ್ತಿವೆ ಎಂದು ನೋಡಬೇಕು. ಬಸ್ಸಿನಲ್ಲಿ ಕಂಡ ತಮಾಷೆ, ಆಫೀಸಿನಲ್ಲಿ ಆದ ಕಿರಿಕಿರಿ, ಎದುರು ಮನೆಯವರು ಹೊಸ ಕಾರು ತಂದದ್ದು, ಇಂಥ ಉಪಯೋಗವಿಲ್ಲದ ಮಾತುಗಳನ್ನು ಅವಳು ಈಗ ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತಾಳೆ, ಅವನು ಅಣ್ಣನಿಗೆ ಪಂಜಾಬಿಯಲ್ಲಿ ಹೇಳುತ್ತಾನೆ. ಗಂಡ ಹೆಂಡತಿಯ ನಡುವೆ ಇಂಗ್ಲಿಷಿನಲ್ಲಿ ಉಳಿಯುವುದು ಗ್ಯಾಸ್ ಬುಕ್ ಆಯಿತೇ, ಕರೆಂಟ್ ಬಿಲ್ ಕಟ್ಟಿದೆಯೇ ಎಂಬ ವ್ಯವಹಾರ ಮಾತ್ರ. ಇನ್ನೊಂದು ಗುರುತು ದೂರಿನ ಆಕಾರ. ‘ನೀನು ಮೊನ್ನೆ ಹಾಗಂದೆಯಲ್ಲ’ ಎಂಬುದು ‘ನೀನು ಯಾವಾಗಲೂ ಹಾಗೇ’ ಎಂದಾಗಿ, ಆಮೇಲೆ ‘ನಿಮ್ಮ ಕಡೆಯವರೇ ಹಾಗೆ’ ಎಂದಾಗುತ್ತದೆ. ಮೂರನೆಯದು ಬಾಯಿಗೆ ಬಂದ ಮೇಲೆ ಪ್ರತಿ ಜಗಳದಲ್ಲೂ ಎರಡು ಮನೆತನಗಳು ಬಂದು ಕೂರುತ್ತವೆ.

ಏನು ಮಾಡಬಹುದು? ‘ಮನಬಿಚ್ಚಿ ಮಾತಾಡಿ’ ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ಮನಬಿಚ್ಚುವ ರೀತಿಯೇ ಇಬ್ಬರದೂ ಬೇರೆ. ಮಾತು ಹೆಚ್ಚಿದಷ್ಟೂ ಗಾಯ ಹೆಚ್ಚು. ಉಪಯೋಗಕ್ಕೆ ಬರುವುದು ಒಂದೇ ಒಂದು ವಾಕ್ಯವನ್ನು ಎತ್ತಿಕೊಂಡು ಕೂರುವುದು. ಸಿಟ್ಟಿಲ್ಲದ ಹೊತ್ತಿನಲ್ಲಿ, ಎರಡು ಮೂರು ದಿನದ ನಂತರ, ‘ಗುರುವಾರ ಅಪ್ಪನ ಮಂಡಿ ನೋವಿನ ವಿಷಯ ಹೇಳಿದೆಯಲ್ಲ, ಆಗ ನಾನು ಏನು ಮಾಡಬೇಕು ಅಂತ ನಿನ್ನ ಮನಸ್ಸಿನಲ್ಲಿತ್ತು?’ ಎಂದು ಕೇಳುವುದು. ‘ಯಾಕೆ ನೇರವಾಗಿ ಹೇಳಲಿಲ್ಲ’ ಎಂದು ಕೇಳಿದರೆ ಅದು ವಿಚಾರಣೆಯಾಗುತ್ತದೆ. ಏನು ಮಾಡಬೇಕಿತ್ತು ಎಂದು ಕೇಳಿದರೆ ಉತ್ತರ ಸಿಗುತ್ತದೆ, ಅದರ ಹಿಂದಿನ ಮನೆಯ ರೂಢಿಯೂ ಹೊರಬರುತ್ತದೆ. ಆಮೇಲೆ ಇಬ್ಬರೂ ಒಂದು ಸಣ್ಣ ಏರ್ಪಾಡಿಗೆ ಬರಬಹುದು. ಊರಿನ ಸುದ್ದಿ ಹೇಳಿದಾಗಲೆಲ್ಲ, ‘ನಾವು ಹೋಗಬೇಕಾ?’ ಎಂದು ಅವನು ಒಂದು ಮಾತು ಕೇಳುವುದು. ಜಗಳದ ಮಧ್ಯೆ ಎದ್ದು ಹೋಗುವಾಗ, ‘ಒಂದು ಗಂಟೆ ಬಿಟ್ಟು ಬರ್ತೀನಿ’ ಎಂದು ಅವಳು ಹೇಳಿ ಹೋಗುವುದು, ಹೇಳಿದ ಹೊತ್ತಿಗೆ ಬರುವುದು. ಅವಳು ಕೂಗಲು ಕಲಿಯಬೇಕಿಲ್ಲ, ಅವನು ಮೌನ ಕಲಿಯಬೇಕಿಲ್ಲ.

ಭಾಷೆ ಕಲಿಯುವುದೂ ಬೇಕು, ಆದರೆ ಸಾಮಾನ್ಯವಾಗಿ ಅದನ್ನು ಹಿಡಿಯುವ ತುದಿಯೇ ತಪ್ಪು. ಅಳಿಯ ‘ಊಟ ಆಯ್ತಾ, ಚೆನ್ನಾಗಿದ್ದೀರಾ’ ಕಲಿತರೆ ಅತ್ತೆಮನೆಯವರಿಗೆ ಸಂತೋಷ, ಹೆಂಡತಿಯ ಜೊತೆಗಿನ ಮಾತಿಗೆ ಅದರಿಂದ ಏನೂ ಆಗದು. ಅವನು ಕೇಳಿಸಿಕೊಳ್ಳಬೇಕಾದದ್ದು ಹೆಂಡತಿ ಅಕ್ಕನ ಹತ್ತಿರ ಹೇಗೆ ಮಾತಾಡುತ್ತಾಳೆ, ಅಪ್ಪನ ಹತ್ತಿರ ಏನನ್ನಾದರೂ ಕೇಳುವಾಗ ಎಷ್ಟು ಸುತ್ತು ಹಾಕುತ್ತಾಳೆ, ಎಲ್ಲಿ ನಿಲ್ಲಿಸುತ್ತಾಳೆ ಎಂಬುದನ್ನು. ಪದ ಅರ್ಥವಾಗದಿದ್ದರೂ ದನಿ ಅರ್ಥವಾಗುತ್ತದೆ. ಅವಳು ದೆಹಲಿಯ ಮನೆಯಲ್ಲಿ ನಾಲ್ಕು ದಿನ ಕೂತು, ಅವನು ತಾಯಿಯ ಹತ್ತಿರವೂ ಅದೇ ದನಿಯಲ್ಲಿ ವಾದಿಸುವುದನ್ನು, ತಾಯಿ ಅದಕ್ಕಿಂತ ಜೋರಾಗಿ ಉತ್ತರ ಕೊಡುವುದನ್ನು ಕಂಡರೆ, ಆ ದನಿ ತನಗೆಂದೇ ಇಟ್ಟದ್ದಲ್ಲ ಎಂಬುದು ಯಾರೂ ಹೇಳದೆ ಗೊತ್ತಾಗುತ್ತದೆ. ಲಂಡನ್ನಿನ ಜಾನ್ ಮಾರ್ಕ್ ದೆವಾಲ್ ಮತ್ತು ಅವರ ಸಹಲೇಖಕರೊಬ್ಬರು, ತಮ್ಮದಲ್ಲದ ಭಾಷೆಯಲ್ಲಿ ಪ್ರೀತಿ ನಡೆಸುವವರ ಅನುಭವಗಳನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೇ ಭಾಷೆಯಲ್ಲಿ ಮನಸ್ಸಿನ ಮಾತು ಪೂರ್ತಿ ಹೊರಬರುವುದಿಲ್ಲ ಎಂದು ಹಲವರು ಹೇಳಿಕೊಂಡಿದ್ದಾರೆ. ಜೊತೆ ಬಾಳುತ್ತಾ ಬಂದಂತೆ ಆ ಕೊರತೆ ಕಡಿಮೆಯಾಯಿತು ಎಂದವರೂ ಅದರಲ್ಲಿ ಬಹಳ ಜನ. ಸಂಗಾತಿಯ ಜೊತೆ ಬಳಸಿ ಬಳಸಿ ಆ ಭಾಷೆಗೇ ಭಾವನೆಯ ತೂಕ ಬರುತ್ತದೆ.

ಆದರೆ ಎಲ್ಲವನ್ನೂ ಮಾತಿನ ರೀತಿಯ ವ್ಯತ್ಯಾಸ ಎಂದು ಹೇಳಿ ಮುಗಿಸುವುದಕ್ಕೆ ನಾನು ಸಿದ್ಧನಿಲ್ಲ. ‘ನಮ್ಮ ಕಡೆ ಹೀಗೇ ಮಾತಾಡೋದು’ ಎಂಬುದು ಬೈಗುಳಕ್ಕೆ, ಹೆದರಿಸುವುದಕ್ಕೆ, ತವರಿಗೆ ಹೋಗಲು ಬಿಡದಿರುವುದಕ್ಕೆ ನೆಪವಾಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟವಲ್ಲ. ನಿಜವಾಗಿ ರೀತಿಯ ವ್ಯತ್ಯಾಸವಾಗಿದ್ದರೆ, ವಿವರಿಸಿದಾಗ ಎದುರಿಗಿರುವವರು ಬೆರಗಾಗುತ್ತಾರೆ: ‘ಹೌದಾ, ನಿನಗೆ ಹಾಗೆ ಕೇಳಿಸ್ತಾ?’ ಮುಂದಿನ ಸಲ ಸ್ವಲ್ಪವಾದರೂ ಬದಲಾಗಲು ಪ್ರಯತ್ನಿಸುತ್ತಾರೆ, ಮತ್ತೆ ಮರೆತರೂ ನೆನಪಿಸಿದರೆ ಒಪ್ಪಿಕೊಳ್ಳುತ್ತಾರೆ. ನೋವಾಯಿತು ಎಂದು ಸ್ಪಷ್ಟವಾಗಿ, ಹಲವು ಸಲ ಹೇಳಿದ ಮೇಲೂ ಅದೇ ಮಾತು ಅದೇ ದನಿಯಲ್ಲಿ ಬರುತ್ತಿದ್ದರೆ, ಅಲ್ಲಿ ತಪ್ಪು ತಿಳಿವಳಿಕೆ ಏನೂ ಉಳಿದಿಲ್ಲ. ಕೇಳಿದವರಿಗೆ ಸರಿಯಾಗಿಯೇ ಅರ್ಥವಾಗಿದೆ.

ಇನ್ನೊಂದು ಪರೀಕ್ಷೆ, ಮೂರು ನಾಲ್ಕು ವರ್ಷದಲ್ಲಿ ಯಾರು ಎಷ್ಟು ದೂರ ನಡೆದಿದ್ದಾರೆ ಎಂಬುದು. ಹೆಂಡತಿ ಅತ್ತೆಮನೆಯ ಭಾಷೆ ಕಲಿತು, ಅಲ್ಲಿಯ ಅಡುಗೆ ಕಲಿತು, ಅಲ್ಲಿಯ ದನಿಗೂ ಒಗ್ಗಿಕೊಂಡಿರುತ್ತಾಳೆ. ಗಂಡನಿಗೆ ಅವಳ ಅಪ್ಪ ಫೋನಿನಲ್ಲಿ ಹೇಳಿದ ನಾಲ್ಕು ಮಾತು ಇನ್ನೂ ಅರ್ಥವಾಗುವುದಿಲ್ಲ, ಅದು ಯಾರಿಗೂ ವಿಚಿತ್ರ ಅನ್ನಿಸುವುದೂ ಇಲ್ಲ. ಅಂಥ ಮನೆಯಲ್ಲಿ ರಾಜಿ ಮಾಡಿಸಲು ಬಂದ ಹಿರಿಯರು ‘ಇಬ್ಬರೂ ಸ್ವಲ್ಪ ಹೊಂದಿಕೊಂಡು ಹೋಗಿ’ ಎಂದು ಹೇಳಿ ಹೊರಟರೆ, ಈಗಾಗಲೇ ಹೊಂದಿಕೊಂಡವಳಿಗೇ ಇನ್ನಷ್ಟು ಹೊಂದಿಕೊಳ್ಳಲು ಹೇಳಿದಂತಾಗುತ್ತದೆ. ಆ ಹಿರಿಯರು ಹೊರಡುವ ಮುನ್ನ ಅಳಿಯನನ್ನು ಪಕ್ಕಕ್ಕೆ ಕರೆದು, ಮುಂದಿನ ಭಾನುವಾರದ ಫೋನನ್ನು ಮಾವನಿಗೆ ನೀನೇ ಮಾಡು, ಬಂದಷ್ಟು ಕನ್ನಡದಲ್ಲೇ ಮಾಡು ಎಂದು ಹೇಳಬೇಕು.